ರಾಗಿ ಬಿಸ್ಕೆಟ್‌ನಲ್ಲಿ ರಾಗಿ ಎಷ್ಟು? ಲೇಬಲ್ ಓದುವ ಲೆಕ್ಕ

ಪ್ಯಾಕೆಟ್ಟಿನ ಮುಂಭಾಗವನ್ನು ಮಾರುವವರು ಬರೆಯುತ್ತಾರೆ, ಹಿಂಭಾಗವನ್ನು ಕಾನೂನು ಬರೆಸುತ್ತದೆ. ಮುಂದೆ ರಾಗಿ ತೆನೆ, ಎರಡು ಬಾದಾಮಿ, ಹಸಿರು ಬಣ್ಣ, ‘ನಾರಿನಂಶದ ಸೊಗಸು’ ಎಂಬಂಥ ಮಾತು ಇರುತ್ತದೆ. ಹಿಂದೆ, ಅಂಟಿಸಿದ ಮಡಿಕೆಯ ಪಕ್ಕದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದ ಸಣ್ಣ ಅಕ್ಷರಗಳಲ್ಲಿ ಒಂದು ಕೋಷ್ಟಕವೂ ಒಂದು ಪಟ್ಟಿಯೂ ಇರುತ್ತವೆ. ಕೋಷ್ಟಕ ಪೋಷಕಾಂಶಗಳದ್ದು, ಪಟ್ಟಿ ಪದಾರ್ಥಗಳದ್ದು. ಇವೆರಡನ್ನೂ ಬೇರೆ ಬೇರೆಯಾಗಿ ಓದಿದರೆ ಅರ್ಧ ವಿಷಯವೇ ತಿಳಿಯುವುದು. ಒಂದರ ಪಕ್ಕ ಇನ್ನೊಂದನ್ನಿಟ್ಟು ತಾಳೆ ನೋಡಿದರೆ ಕಂಪನಿ ಹೇಳದೆ ಬಿಟ್ಟದ್ದೂ ಗೊತ್ತಾಗುತ್ತದೆ. ಅದು ಹೇಗೆಂದು ಒಂದು ರಾಗಿ ಬಿಸ್ಕೆಟ್ ಪ್ಯಾಕೆಟ್ ಹಿಡಿದು ನೋಡೋಣ. ಈ ಪ್ಯಾಕೆಟ್ ಯಾವ ಕಂಪನಿಯದೂ ಅಲ್ಲ, ಲೆಕ್ಕ ತೋರಿಸಲು ನಾವೇ ಕಟ್ಟಿಕೊಂಡದ್ದು. ಆದರೆ ಇಂಥ ಅಂಕಿಗಳು ಅಂಗಡಿಯಲ್ಲಿ ಅಪರೂಪವೇನಲ್ಲ.

ಪ್ಯಾಕೆಟ್ ತೂಕ 150 ಗ್ರಾಂ, ಒಳಗೆ 15 ಬಿಸ್ಕೆಟ್. ‘ಸರ್ವಿಂಗ್ ಸೈಜ್’ ಅಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣ 20 ಗ್ರಾಂ, ಅಂದರೆ 2 ಬಿಸ್ಕೆಟ್. 100 ಗ್ರಾಂಗೆ ಶಕ್ತಿ 486 ಕಿಲೋಕ್ಯಾಲೊರಿ, ಪ್ರೋಟೀನ್ 6.5 ಗ್ರಾಂ, ಕಾರ್ಬೋಹೈಡ್ರೇಟ್ 70 ಗ್ರಾಂ, ಅದರಲ್ಲಿ ಒಟ್ಟು ಸಕ್ಕರೆ 25 ಗ್ರಾಂ, ಸೇರಿಸಿದ ಸಕ್ಕರೆ 24 ಗ್ರಾಂ, ಕೊಬ್ಬು 20 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು 9.5 ಗ್ರಾಂ, ಸೋಡಿಯಂ 280 ಮಿಲಿಗ್ರಾಂ.

ಪದಾರ್ಥಗಳ ಪಟ್ಟಿ ಹೀಗಿದೆ: ಮೈದಾ (46%), ಸಕ್ಕರೆ, ತಾಳೆ ಎಣ್ಣೆ, ರಾಗಿ ಹಿಟ್ಟು (8%), ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಹಾಲಿನ ಪುಡಿ, ಹಿಟ್ಟು ಉಬ್ಬಿಸುವ ಪದಾರ್ಥಗಳು (503, 500), ಅಯೋಡಿನ್ ಉಪ್ಪು, ಎಮಲ್ಸಿಫೈಯರ್ (322), ಬಾದಾಮಿ ಪುಡಿ (0.2%), ಸುವಾಸನೆ.

ಎರಡು ಬಿಸ್ಕೆಟ್ ಯಾರ ಅಳತೆ?

ಮೊದಲು ಸರ್ವಿಂಗ್ ವಿಷಯ ಮುಗಿಸೋಣ, ಹೆಚ್ಚು ಜನ ಎಡವುವುದು ಅಲ್ಲೇ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲಿ ತಂದ ಲೇಬಲಿಂಗ್ ನಿಯಮದ ಪ್ರಕಾರ ಪೋಷಕಾಂಶಗಳನ್ನು 100 ಗ್ರಾಂ ಅಥವಾ 100 ಮಿಲಿಲೀಟರ್ ಲೆಕ್ಕದಲ್ಲಿ ಕೊಡಬೇಕು. ಒಂದೇ ಸಲಕ್ಕೆ ತಿಂದು ಮುಗಿಸುವ ಪ್ಯಾಕ್ ಆದರೆ ಆ ಪ್ಯಾಕ್ ಲೆಕ್ಕದಲ್ಲಿ ಕೊಡಬಹುದು. ಇದರ ಜೊತೆಗೆ, ಒಂದು ಸರ್ವಿಂಗ್‌ನಿಂದ ದಿನದ ಪ್ರಮಾಣದ ಶೇಕಡಾ ಎಷ್ಟು ಸಿಗುತ್ತದೆ ಎಂದೂ ಹೇಳಬೇಕು. ಆದರೆ ಆ ಸರ್ವಿಂಗ್ ಎಷ್ಟಿರಬೇಕೆಂದು ತೀರ್ಮಾನಿಸುವವರು ತಯಾರಕರೇ. ಒಬ್ಬರು 20 ಗ್ರಾಂ ಎನ್ನುತ್ತಾರೆ, ಪಕ್ಕದ ಪ್ಯಾಕೆಟ್ಟಿನವರು 30 ಗ್ರಾಂ ಎನ್ನುತ್ತಾರೆ. ಸರ್ವಿಂಗ್ ಸಣ್ಣದಾದಷ್ಟೂ ಶೇಕಡಾ ಅಂಕಿ ಸಣ್ಣದಾಗಿ ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಬಿಸ್ಕೆಟ್ಟನ್ನೇ ನೋಡಿ. 20 ಗ್ರಾಂನಲ್ಲಿ ಸೇರಿಸಿದ ಸಕ್ಕರೆ 4.8 ಗ್ರಾಂ. ದಿನದ ಪ್ರಮಾಣವನ್ನು 50 ಗ್ರಾಂ ಎಂದು ನಿಯಮವೇ ಇಟ್ಟುಕೊಂಡಿದೆ, ಹಾಗಾಗಿ ಲೇಬಲ್ಲಿನಲ್ಲಿ ‘ಸುಮಾರು 10%’ ಎಂದು ಬರುತ್ತದೆ. ಹತ್ತು ತಾನೇ ಎಂದು ಸಮಾಧಾನವಾಗುತ್ತದೆ. ಆದರೆ ಸಂಜೆ ಕಾಫಿಗೆ ಅದ್ದಿಕೊಂಡು ತಿನ್ನುವವರು ಎರಡಕ್ಕೆ ನಿಲ್ಲಿಸುವುದು ಕಡಿಮೆ. ಆರು ಬಿಸ್ಕೆಟ್ ತಿಂದರೆ 60 ಗ್ರಾಂ. ಸಕ್ಕರೆ 14.4 ಗ್ರಾಂ, ಅಂದರೆ ಮೂರು ಟೀ ಚಮಚ, ದಿನದ ಪ್ರಮಾಣದ 29%. ಸ್ಯಾಚುರೇಟೆಡ್ ಕೊಬ್ಬು 5.7 ಗ್ರಾಂ, ಅದಕ್ಕೆ ದಿನದ ಲೆಕ್ಕ 22 ಗ್ರಾಂ, ಹಾಗಾಗಿ 26%. ಶಕ್ತಿ ಸುಮಾರು 290 ಕಿಲೋಕ್ಯಾಲೊರಿ. ಕಾಫಿಗೆ ಹಾಕಿದ ಸಕ್ಕರೆ ಇದರಲ್ಲಿ ಸೇರಿಲ್ಲ.

ಹಾಗಾಗಿ ಸರ್ವಿಂಗ್ ಕಾಲಂ ಬಿಟ್ಟು 100 ಗ್ರಾಂ ಕಾಲಂ ಹಿಡಿಯಿರಿ. ಎರಡು ಪ್ಯಾಕೆಟ್ ಹೋಲಿಸಲು ಅದೊಂದೇ ಸಮನಾದ ಅಳತೆ. ನೀವು ತಿನ್ನುವುದು ಎಷ್ಟೆಂದು ಬೇರೆಯಾಗಿ ಕಂಡುಕೊಳ್ಳಬೇಕು. ಬಿಸ್ಕೆಟ್ಟಿಗೆ ಇದು ಸುಲಭ: ನಿವ್ವಳ ತೂಕವನ್ನು ಬಿಸ್ಕೆಟ್ ಸಂಖ್ಯೆಯಿಂದ ಭಾಗಿಸಿದರೆ ಒಂದರ ತೂಕ ಸಿಗುತ್ತದೆ. ಕಾರ್ನ್ ಫ್ಲೇಕ್ಸ್, ಮ್ಯೂಸ್ಲಿ, ಖಾರಾ ಮಿಕ್ಸ್ಚರ್‌ಗಳಿಗೆ ಎಣಿಕೆ ನಡೆಯದು. ಅಡುಗೆಮನೆಯ ತಕ್ಕಡಿ ಇದ್ದರೆ ದಿನವೂ ತಿನ್ನುವ ಬಟ್ಟಲಿಗೆ ಎಂದಿನಂತೆ ಸುರಿದು ಒಮ್ಮೆ ತೂಗಿ. ಲೇಬಲ್ 30 ಗ್ರಾಂ ಎಂದರೆ ನಿಮ್ಮ ಬಟ್ಟಲು 55 ಗ್ರಾಂ ಎನ್ನಬಹುದು. ಒಮ್ಮೆ ತೂಗಿದರೆ ಸಾಕು, ಬಟ್ಟಲೂ ಕೈಯೂ ಅವೇ ಇರುತ್ತವಲ್ಲ.

ಪಾನೀಯದ ಬಾಟಲಿಯಲ್ಲಿ ಈ ಜಾರುವಿಕೆ ಇನ್ನೂ ದೊಡ್ಡದು. 100 ಮಿಲಿಲೀಟರ್‌ಗೆ 10 ಗ್ರಾಂ ಸಕ್ಕರೆ ಇರುವ 600 ಮಿಲಿಲೀಟರ್ ಬಾಟಲಿಯ ಸರ್ವಿಂಗ್ 200 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಲೇಬಲ್ಲಿನಲ್ಲಿ 40% ಎಂದಿರುತ್ತದೆ. ಬಿಸಿಲಲ್ಲಿ ಬಂದು ಪೂರ್ತಿ ಕುಡಿದವರಿಗೆ 60 ಗ್ರಾಂ, ಅಂದರೆ 120%.

ಆ ಶೇಕಡಾ ಅಂಕಿಯ ಬಗ್ಗೆ ಇನ್ನೊಂದು ಮಾತು. ಅದು ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಿರುವ ಸರಾಸರಿ ವಯಸ್ಕರ ಲೆಕ್ಕ. 50 ಗ್ರಾಂ ಸಕ್ಕರೆಯಿಂದ 200 ಕಿಲೋಕ್ಯಾಲೊರಿ ಬರುತ್ತದೆ, ಅಂದರೆ ದಿನದ ಶಕ್ತಿಯ ಹತ್ತನೇ ಒಂದು ಭಾಗ. ಇದು ಮೀರಬಾರದ ಗಡಿ. ಪ್ರೋಟೀನಿನ ಹಾಗೆ ದಿನವೂ ಪೂರೈಸಲೇಬೇಕಾದ ಗುರಿ ಎಂದು ಓದಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಈ ಹತ್ತನೇ ಒಂದು ಭಾಗವನ್ನು ಹೇಳಿ, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದಿದೆ. ಆ ಅರ್ಧದ ಲೆಕ್ಕ ಹಿಡಿದರೆ ಲೇಬಲ್ಲಿನ ಸಕ್ಕರೆಯ ಶೇಕಡಾವನ್ನು ಎರಡರಿಂದ ಗುಣಿಸಬೇಕಾಗುತ್ತದೆ. ಮಕ್ಕಳಿಗೆ ಈ ಅಂಕಿ ಹೊಂದುವುದೇ ಇಲ್ಲ. ಐದು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು 1,360 ಕಿಲೋಕ್ಯಾಲೊರಿ. ಅದರ ಹತ್ತನೇ ಒಂದು ಭಾಗವೆಂದರೆ 34 ಗ್ರಾಂ ಸಕ್ಕರೆ. ಕಾರ್ಟೂನ್ ಚಿತ್ರವಿರುವ ಪ್ಯಾಕೆಟ್ಟಿನ ಹಿಂದೆಯೂ ಅಪ್ಪನ ಲೆಕ್ಕವೇ ಇರುತ್ತದೆ ಎಂಬುದು ನೆನಪಿರಲಿ.

ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ

ಕೋಷ್ಟಕದಲ್ಲಿ ಸಕ್ಕರೆಗೆ ಎರಡು ಸಾಲು. ‘ಟೋಟಲ್ ಶುಗರ್ಸ್’ ಎಂಬುದರಲ್ಲಿ ಹಾಲಿನ ಲ್ಯಾಕ್ಟೋಸ್, ಹಣ್ಣಿನ ಫ್ರಕ್ಟೋಸ್ ಸೇರಿ ಎಲ್ಲ ಸಕ್ಕರೆಯೂ ಬರುತ್ತದೆ. ‘ಆಡೆಡ್ ಶುಗರ್ಸ್’ ಎಂಬುದು ತಯಾರಿಸುವಾಗ ಹೊರಗಿನಿಂದ ಹಾಕಿದ್ದು. ಬಿಳಿ ಸಕ್ಕರೆಯ ಜೊತೆಗೆ ಸಿರಪ್ಪುಗಳ ಮತ್ತು ಜೇನುತುಪ್ಪದ ಸಕ್ಕರೆಯೂ ಇದರೊಳಗೇ ಲೆಕ್ಕ.

ಈ ಎರಡು ಸಾಲುಗಳ ನಡುವಿನ ವ್ಯತ್ಯಾಸ ಚೆನ್ನಾಗಿ ಕಾಣುವುದು ಹಾಲಿನ ಪದಾರ್ಥಗಳಲ್ಲಿ. ಮಾಮೂಲಿ ಹಾಲಿನ 100 ಮಿಲಿಲೀಟರ್‌ನಲ್ಲಿ ಐದು ಗ್ರಾಂ ಹತ್ತಿರ ಲ್ಯಾಕ್ಟೋಸ್ ಇದ್ದೇ ಇರುತ್ತದೆ. ಹಾಗಾಗಿ ಬಾದಾಮಿ ಹಾಲಿನ ಬಾಟಲಿಯಲ್ಲಿ ಒಟ್ಟು ಸಕ್ಕರೆ 13 ಗ್ರಾಂ ಎಂದು ಕಂಡರೆ ಗಾಬರಿ ಬೇಡ, ಪಕ್ಕದ ಸಾಲು ನೋಡಿ. ಅಲ್ಲಿ 8.5 ಇದ್ದರೆ ಅಷ್ಟೇ ಹೊರಗಿನದು. ನಮ್ಮ ಬಿಸ್ಕೆಟ್ಟಿನಲ್ಲಿ ಎರಡು ಸಾಲುಗಳ ಅಂತರ ಬರೀ 1 ಗ್ರಾಂ. ಹಾಲಿನ ಪುಡಿ, ಹಿಟ್ಟುಗಳಿಂದ ಬಂದ ಆ ಒಂದು ಗ್ರಾಂ ಬಿಟ್ಟರೆ ಮಿಕ್ಕ ಸಿಹಿಯೆಲ್ಲ ಸುರಿದದ್ದೇ.

ಸೇರಿಸಿದ ಸಕ್ಕರೆ ಸೊನ್ನೆ ಎಂದಿದ್ದರೂ ಕೆಲವೊಮ್ಮೆ ನಿಶ್ಚಿಂತೆಯಿಂದ ಇರುವಂತಿಲ್ಲ. ಹಣ್ಣಿನ ರಸದ ಡಬ್ಬ ಅಂಥದು. ರಸದ ನೀರನ್ನು ತೆಗೆದು ಗಟ್ಟಿ ಮಾಡಿ, ಆಮೇಲೆ ಮತ್ತೆ ನೀರು ಬೆರೆಸಿ ಮೊದಲಿನ ಹದಕ್ಕೆ ತಂದ ರಸದಲ್ಲಿ ಒಟ್ಟು ಸಕ್ಕರೆ 100 ಮಿಲಿಲೀಟರ್‌ಗೆ 12 ಗ್ರಾಂ, ಸೇರಿಸಿದ ಸಕ್ಕರೆ ಸೊನ್ನೆ ಎಂದು ಇರಬಹುದು. ನಿಯಮದ ಪ್ರಕಾರ ಅದು ಸರಿ. ಆದರೆ ಹಣ್ಣನ್ನು ಹಿಂಡಿದ ಮೇಲೆ ಅದರ ಸಕ್ಕರೆಯನ್ನು ತಡೆದಿಡುವ ನಾರು ಉಳಿದಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಲ್ಲಿ ರಸದ ಸಕ್ಕರೆಯೂ ಎಣಿಕೆಗೆ ಬರುತ್ತದೆ. ರಸಕ್ಕೆ ಮಾತ್ರ ಒಟ್ಟು ಸಕ್ಕರೆಯ ಸಾಲನ್ನೇ ಓದುವುದು ಸರಿಯಾದ ಅಭ್ಯಾಸ. ಇಂಥ ರಸಗಳ ಮೇಲೆ ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯುವುದನ್ನು ಕೈಬಿಡುವಂತೆ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಸೂಚಿಸಿತು.

ಇನ್ನೊಂದು ಮಾಲ್ಟೋಡೆಕ್ಸ್‌ಟ್ರಿನ್. ಪಿಷ್ಟವನ್ನು ತುಂಡು ತುಂಡು ಮಾಡಿ ತಯಾರಿಸುವ ಬಿಳಿ ಪುಡಿ ಇದು. ಸರಪಳಿ ಉದ್ದವಿರುವುದರಿಂದ ಸಕ್ಕರೆ ಎಂಬ ವ್ಯಾಖ್ಯೆಯೊಳಗೆ ಇದರ ಬಹುಪಾಲು ಬರುವುದಿಲ್ಲ, ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಮಾತ್ರ ಸೇರುತ್ತದೆ. ಹೊಟ್ಟೆಗೆ ಹೋದ ಮೇಲೆ ಮಾತ್ರ ಬೇಗನೆ ಗ್ಲೂಕೋಸ್ ಆಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಸಾಲೊಂದನ್ನೇ ನೋಡಿ ಹಾಲಿಗೆ ಬೆರೆಸುವ ಪುಡಿ ಆರಿಸಿಕೊಂಡರೆ ಮೋಸ ಹೋಗುವುದು ಇಲ್ಲೇ. ಅವರು ಕಾರ್ಬೋಹೈಡ್ರೇಟ್ ಸಾಲನ್ನೂ ಪದಾರ್ಥಗಳ ಪಟ್ಟಿಯ ಮೊದಲ ಮೂರು ಹೆಸರುಗಳನ್ನೂ ಜೊತೆಗೇ ಓದಬೇಕು.

ಬೆಲ್ಲದ ಬಗ್ಗೆಯೂ ಹೇಳಿಬಿಡಬೇಕು, ಯಾಕೆಂದರೆ ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂಬ ಸಾಲು ಈಗ ಎಲ್ಲೆಡೆ ಕಾಣುತ್ತದೆ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆ ಡಬ್ಬದಲ್ಲಿರುವುದೇ. ರುಚಿಗೆ ಬೆಲ್ಲ ಬೇಕೆನಿಸಿದರೆ ತಿನ್ನಿ, ಲೆಕ್ಕದಲ್ಲಿ ಮಾತ್ರ ಅದಕ್ಕೆ ರಿಯಾಯಿತಿ ಕೊಡಬೇಡಿ.

‘ಶುಗರ್ ಫ್ರೀ’ ಬಿಸ್ಕೆಟ್ಟಿನ ಕಥೆ ಬೇರೆ. ಹಾಗೆ ಬರೆಯಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರುವಂತಿಲ್ಲ. ಆದರೆ ಮೈದಾ, ಎಣ್ಣೆ ಹಾಗೇ ಇರುತ್ತವೆ. ಸಿಹಿಗೆ ಮಾಲ್ಟಿಟಾಲ್‌ನಂಥ ಪಾಲಿಯಾಲ್ ಹಾಕಿರುತ್ತಾರೆ, ಪಟ್ಟಿಯಲ್ಲಿ 965 ಎಂಬ ಸಂಖ್ಯೆಯಾಗಿ ಕಾಣಬಹುದು. ಅದು ಹೆಚ್ಚಾದರೆ ಹೊಟ್ಟೆ ಸಡಿಲವಾಗುತ್ತದೆ ಎಂದು ಆ ಪ್ಯಾಕೆಟ್ಟಿನಲ್ಲೇ ಒಂದು ಎಚ್ಚರಿಕೆಯ ಸಾಲು ಇರುತ್ತದೆ. ಅದನ್ನು ಓದದೆ ಅರ್ಧ ಪ್ಯಾಕೆಟ್ ಮುಗಿಸಿದವರಿಗೆ ಮರುದಿನ ಅರ್ಥವಾಗುತ್ತದೆ.

ಪಟ್ಟಿಯ ಸರದಿ

ಪದಾರ್ಥಗಳ ಪಟ್ಟಿಯನ್ನು ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ. ತಯಾರಿಸುವ ಹೊತ್ತಿಗೆ ಯಾವುದನ್ನು ಹೆಚ್ಚು ತೂಕ ಹಾಕಿದ್ದಾರೋ ಅದು ಮೊದಲು, ಆಮೇಲೆ ಇಳಿಯುತ್ತಾ ಹೋಗಬೇಕು. ಮುಂಭಾಗದಲ್ಲಿ ಹೆಸರಿನಿಂದಲೋ ಚಿತ್ರದಿಂದಲೋ ಎತ್ತಿ ತೋರಿಸಿದ ಪದಾರ್ಥದ ಶೇಕಡಾವನ್ನೂ ಹೇಳಲೇಬೇಕು. ನಮ್ಮ ಪಟ್ಟಿಯಲ್ಲಿ ರಾಗಿಯ ಮುಂದೆ 8%, ಬಾದಾಮಿಯ ಮುಂದೆ 0.2% ಎಂದಿರುವುದು ಈ ನಿಯಮದಿಂದಾಗಿ. ಸಕ್ಕರೆ, ಎಣ್ಣೆಗಳನ್ನು ಯಾರೂ ಚಿತ್ರ ಹಾಕಿ ತೋರಿಸುವುದಿಲ್ಲ, ಹಾಗಾಗಿ ಅವುಗಳ ಶೇಕಡಾ ಪಟ್ಟಿಯಲ್ಲಿ ಇರುವುದಿಲ್ಲ.

ಇರದಿದ್ದರೇನು, ಕೋಷ್ಟಕ ಇದೆಯಲ್ಲ. 100 ಗ್ರಾಂ ಕಾಲಂನ ಗ್ರಾಂ ಎಂದರೆ ಶೇಕಡಾವೇ. ಸೇರಿಸಿದ ಸಕ್ಕರೆ 24 ಗ್ರಾಂ ಎಂದರೆ ಬಿಸ್ಕೆಟ್ಟಿನ 24%. ಅದನ್ನು ತಂದು ರಾಗಿಯ 8% ಪಕ್ಕದಲ್ಲಿಡಿ: ರಾಗಿ ಒಂದು ಪಾಲಾದರೆ ಸಕ್ಕರೆ ಮೂರು ಪಾಲು. ಈ ಹೋಲಿಕೆ ಕೂದಲೆಳೆಯಷ್ಟು ನಿಖರವಲ್ಲ. ಪಟ್ಟಿಯ ಶೇಕಡಾ ಹಿಟ್ಟು ಕಲಸುವ ಹೊತ್ತಿನದು, ಕೋಷ್ಟಕದ ಅಂಕಿ ಬೆಂದು ನೀರಾರಿದ ಬಿಸ್ಕೆಟ್ಟಿನದು. ನೀರು ಹೋದಾಗ ಮಿಕ್ಕ ಎಲ್ಲದರ ಪಾಲೂ ಸ್ವಲ್ಪ ಏರುತ್ತದೆ. ಎಂಟು ಒಂಬತ್ತಾಗಬಹುದು, ಇಪ್ಪತ್ತಂತೂ ಆಗದು.

ಎಂಟರ ಲೆಕ್ಕದಲ್ಲೇ ಆರು ಬಿಸ್ಕೆಟ್ಟಿನಲ್ಲಿ ರಾಗಿ 4.8 ಗ್ರಾಂ. ಒಂದು ಸಣ್ಣ ಮುದ್ದೆಗೆ 75 ಗ್ರಾಂ ಹಿಟ್ಟು ಎಂದುಕೊಂಡರೆ ಅಷ್ಟು ರಾಗಿ ಹೊಟ್ಟೆಗೆ ಹೋಗಲು ಈ ಬಿಸ್ಕೆಟ್ಟನ್ನು 937 ಗ್ರಾಂ, ಅಂದರೆ ಆರು ಪ್ಯಾಕೆಟ್ ಮುಗಿಸಿ ಏಳನೆಯದನ್ನು ಒಡೆಯಬೇಕು. ಜೊತೆಗೆ 225 ಗ್ರಾಂ ಸಕ್ಕರೆ ಬರುತ್ತದೆ. ಬಾದಾಮಿಯದ್ದು ಇನ್ನೂ ತಮಾಷೆ. 150 ಗ್ರಾಂನ 0.2% ಎಂದರೆ 0.3 ಗ್ರಾಂ. ಒಂದು ಬಾದಾಮಿ ಒಂದು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ. ಮುಂಭಾಗದ ಚಿತ್ರದಲ್ಲಿ ಎರಡು ಇಡೀ ಬಾದಾಮಿ, ಇಡೀ ಪ್ಯಾಕೆಟ್ಟಿನೊಳಗೆ ಕಾಲು ಬಾದಾಮಿ.

ಶೇಕಡಾ ಕೊಡದ ಪದಾರ್ಥಗಳನ್ನು ಅಳೆಯಲು ಉಪ್ಪು ನೆರವಿಗೆ ಬರುತ್ತದೆ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಅಂಕಿ ಬರುತ್ತದೆ. 280 ಮಿಲಿಗ್ರಾಂ ಸೋಡಿಯಂ ಎಂದರೆ ಉಪ್ಪು ಹೆಚ್ಚೆಂದರೆ 0.7 ಗ್ರಾಂ. ಹೆಚ್ಚೆಂದರೆ ಎನ್ನಲು ಕಾರಣವಿದೆ: ಪಟ್ಟಿಯಲ್ಲಿರುವ 500 ಎಂಬುದು ಅಡುಗೆ ಸೋಡಾ, ಒಂದಿಷ್ಟು ಸೋಡಿಯಂ ಅದರದ್ದೂ ಇರುತ್ತದೆ. ಹಾಗಾಗಿ ಪಟ್ಟಿಯಲ್ಲಿ ಉಪ್ಪಿನಿಂದ ಆಚೆಗೆ ಯಾವ ಹೆಸರು ಬಂದರೂ ಅದು 100 ಗ್ರಾಂನಲ್ಲಿ ಮುಕ್ಕಾಲು ಗ್ರಾಂ ಕೂಡ ಇಲ್ಲ. ಅಶ್ವಗಂಧ, ಕೇಸರಿ, ಒಣಹಣ್ಣಿನ ಪುಡಿ ಎಂಬ ಹೆಸರುಗಳು ಸಾಮಾನ್ಯವಾಗಿ ಕೂತಿರುವುದು ಉಪ್ಪಿನ ಆಚೆಯ ಈ ಬೀದಿಯಲ್ಲೇ. ಉಪ್ಪಿನಕಾಯಿ, ಸಾಂಬಾರ್ ಪುಡಿಯಂಥ ಉಪ್ಪೇ ಹೆಚ್ಚಿರುವ ಪದಾರ್ಥಗಳಿಗೆ ಈ ಉಪಾಯ ನಡೆಯದು.

ಸರದಿಯಲ್ಲಿ ಆಟ ಆಡಲು ದಾರಿ ಇದೆ, ಅದಕ್ಕೆ ಒಂದು ಎನರ್ಜಿ ಬಾರ್ ನೋಡಿ. ಪಟ್ಟಿ: ಓಟ್ಸ್ (22%), ಬೆಲ್ಲ, ಜೇನುತುಪ್ಪ, ಕಡಲೆಕಾಯಿ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಹೀಗೆ ಮುಂದುವರಿಯುತ್ತದೆ. ಮೊದಲ ಹೆಸರು ಓಟ್ಸ್, ಓದುವವರಿಗೆ ನೆಮ್ಮದಿ. ಆದರೆ ಸಿಹಿಯನ್ನು ನಾಲ್ಕು ಹೆಸರಾಗಿ ಒಡೆದಿದ್ದಾರೆ, ಒಂದೊಂದೂ ಓಟ್ಸ್‌ಗಿಂತ ಕಡಿಮೆ ತೂಗುತ್ತದೆ, ಹಾಗಾಗಿ ಒಂದೂ ಮೇಲೆ ಬಂದಿಲ್ಲ. ಇದರಲ್ಲಿ ನಿಯಮ ಮುರಿದದ್ದು ಏನೂ ಇಲ್ಲ. ಈಗ ಕೋಷ್ಟಕಕ್ಕೆ ಹೋಗಿ: ಸೇರಿಸಿದ ಸಕ್ಕರೆ 30 ಗ್ರಾಂ. ನಾಲ್ಕು ಹೆಸರೂ ಇಲ್ಲಿ ಒಂದೇ ಅಂಕಿಯಾಗಿ ಕೂಡಿಬಿಟ್ಟಿವೆ, ಅದು ಓಟ್ಸ್‌ನ 22ನ್ನು ದಾಟಿದೆ. ಜೇನು, ಸಿರಪ್ಪುಗಳಲ್ಲಿ ನೀರೂ ಇರುವುದರಿಂದ ಆ ನಾಲ್ಕರ ಒಟ್ಟು ತೂಕ 30ಕ್ಕಿಂತಲೂ ಹೆಚ್ಚೇ. ಇದು ಓಟ್ಸ್ ಅಂಟಿಸಿದ ಸಿಹಿಯ ಬಾರ್. ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಕಾರ್ನ್ ಸಿರಪ್, ಖಂಡಸಾರಿ ಎಂದು ಕಂಡರೂ ಇದೇ ಕುಟುಂಬದವು. ಆದರೆ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡುವ ಅಗತ್ಯವಿಲ್ಲ, ಸೇರಿಸಿದ ಸಕ್ಕರೆಯ ಸಾಲು ಆ ಕೂಡುವ ಕೆಲಸವನ್ನು ನಿಮಗಾಗಿ ಮಾಡಿಟ್ಟಿರುತ್ತದೆ.

ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇರುವುದೂ ಉಂಟು. ಮ್ಯೂಸ್ಲಿಯಲ್ಲಿ ‘ಕ್ರ್ಯಾನ್‌ಬೆರಿ’ ಎಂದು ಬರೆದು ಮುಂದಿನ ಆವರಣದಲ್ಲಿ ಕ್ರ್ಯಾನ್‌ಬೆರಿ, ಸಕ್ಕರೆ, ಎಣ್ಣೆ ಎಂದಿರುತ್ತದೆ. ಆವರಣದೊಳಗೂ ತೂಕದ ಸರದಿಯೇ. ಅಲ್ಲಿ ಸಕ್ಕರೆ ಮೊದಲು ಬಂದರೆ ಅದು ಹಣ್ಣಿನ ರುಚಿಯ ಸಕ್ಕರೆ ಮಿಠಾಯಿ. ಇಂಥ ಮಿಶ್ರ ಪದಾರ್ಥ ಒಟ್ಟು ತೂಕದ 5%ಗಿಂತ ಕಡಿಮೆ ಇದ್ದರೆ ಒಳಗಿನ ವಿವರ ಕೊಡದೆ ಬಿಡಲು ಅವಕಾಶವಿದೆ.

ಹಾಲಿನ ಲಾಭ ಪುಡಿಗೆ

ಹಾಲಿಗೆ ಬೆರೆಸುವ ಮಾಲ್ಟ್ ಪುಡಿಯ ಲೇಬಲ್ಲಿನಲ್ಲಿ ಒಂದು ಹೆಚ್ಚಿನ ಕಾಲಂ ಇರುತ್ತದೆ: ಇಷ್ಟು ಗ್ರಾಂ ಪುಡಿಯನ್ನು 200 ಮಿಲಿಲೀಟರ್ ಹಾಲಿಗೆ ಬೆರೆಸಿದಾಗ ಸಿಗುವುದು. ಪ್ರೋಟೀನ್, ಕ್ಯಾಲ್ಸಿಯಂ ಅಂಕಿಗಳು ಅಲ್ಲಿ ಚೆಂದ ಕಾಣುತ್ತವೆ. ಅಷ್ಟು ಹಾಲಿನಲ್ಲೇ ಆರೇಳು ಗ್ರಾಂ ಪ್ರೋಟೀನ್ ಇರುತ್ತದೆ, ಡಬ್ಬ ತೆರೆಯದಿದ್ದರೂ. ಪುಡಿ ಕೊಟ್ಟದ್ದೇನೆಂದು ತಿಳಿಯಲು ಬರೀ ಪುಡಿಯ 100 ಗ್ರಾಂ ಕಾಲಂ ಓದಿ, ಚಮಚದ ತೂಕಕ್ಕೆ ಇಳಿಸಿಕೊಳ್ಳಿ. ಸೇರಿಸಿದ ಸಕ್ಕರೆ 100 ಗ್ರಾಂಗೆ 30 ಇದ್ದರೆ 20 ಗ್ರಾಂ ಪುಡಿಯಲ್ಲಿ 6 ಗ್ರಾಂ. ಮೇಲೆ ಮನೆಯಲ್ಲಿ ಒಂದು ಚಮಚ ಸಕ್ಕರೆ ಹಾಕುವ ವಾಡಿಕೆ ಇದ್ದರೆ ಅದನ್ನೂ ಕೂಡಿ.

ಹೊರದೇಶದಲ್ಲಿರುವವರಿಗೆ ಈ ಲೆಕ್ಕ ಹಾಗೇ ಕೈಗೂಡುವುದಿಲ್ಲ. ಅಮೆರಿಕದ ಲೇಬಲ್ಲಿನಲ್ಲಿ ಸೇರಿಸಿದ ಸಕ್ಕರೆಯ ಸಾಲು ಇದೆ, ಸರ್ವಿಂಗ್ ಅಳತೆಗೂ ಸರ್ಕಾರವೇ ಆಧಾರ ಕೊಟ್ಟಿದೆ, ಆದರೆ 100 ಗ್ರಾಂ ಕಾಲಂ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಸಕ್ಕರೆಯ ಗ್ರಾಂ ಅನ್ನು ಸರ್ವಿಂಗ್‌ನ ಗ್ರಾಂನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ. ಬ್ರಿಟನ್ನಿನಲ್ಲಿ ಉಲ್ಟಾ: 100 ಗ್ರಾಂ ಕಾಲಂ ಕಡ್ಡಾಯ, ಸಕ್ಕರೆಗೆ ಮಾತ್ರ ಒಂದೇ ಸಾಲು, ಸೇರಿಸಿದ್ದನ್ನು ಬೇರೆ ಮಾಡಿ ಹೇಳುವುದಿಲ್ಲ. ಅಲ್ಲಿ ಪದಾರ್ಥಗಳ ಸರದಿಯನ್ನೇ ಹೆಚ್ಚು ನಂಬಬೇಕಾಗುತ್ತದೆ.

ಅಂಗಡಿಯಲ್ಲಿ ನಿಂತು ಓದುವಾಗ ಅಕ್ಷರ ಕಾಣದಿದ್ದರೆ ಹಿಂಭಾಗದ ಫೋಟೋ ತೆಗೆದು ಹಿಗ್ಗಿಸಿ. ನಮ್ಮಲ್ಲಿ ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕೆಂದು ನಿಯಮವಿರುವುದರಿಂದ ಕನ್ನಡ ಸಿಗುವುದು ಅಪರೂಪ; ಮನೆಯ ಹಿರಿಯರಿಗೆ ‘ಆಡೆಡ್ ಶುಗರ್ಸ್’ ಎಂಬ ಸಾಲು ಯಾವುದೆಂದು ಒಮ್ಮೆ ಬೆರಳಿಟ್ಟು ತೋರಿಸಿದರೆ ಆಮೇಲೆ ಅಂಕಿ ಅವರೇ ಓದಿಕೊಳ್ಳುತ್ತಾರೆ. ತೀರಾ ಪುಟ್ಟ ಪ್ಯಾಕೆಟ್ಟಿನಲ್ಲಿ ಕೋಷ್ಟಕ ಕಾಣದಿದ್ದರೆ ಅದೇ ಬಿಸ್ಕೆಟ್ಟಿನ ದೊಡ್ಡ ಪ್ಯಾಕೆಟ್ ತೆಗೆದು ತಿರುಗಿಸಿ ನೋಡಿ. ಒಂದು ಸಲ ಓದಿದ ಬ್ರ್ಯಾಂಡ್ ಎಂದು ವರ್ಷಗಟ್ಟಲೆ ನೆಚ್ಚಿಕೊಳ್ಳಲೂ ಆಗದು. ಹೊದಿಕೆಯ ಚಿತ್ರ ಹಾಗೇ ಇದ್ದು ಹಿಂದಿನ ಅಂಕಿ ಬದಲಾಗಿರಬಹುದು. ಮೂಲೆಯಲ್ಲಿ ‘ಹೊಸ ರುಚಿ’ ಎಂಬ ಮಾತು ಕಂಡಾಗಲಂತೂ ರಾಗಿಯ ಮುಂದಿನ ಶೇಕಡಾ ಎಂಟೇ ಇದೆಯೋ, ಆರಕ್ಕೆ ಇಳಿದಿದೆಯೋ ಎಂದು ಮತ್ತೊಮ್ಮೆ ನೋಡಿ.